ಗೆರೆಯಾಚೆಯ ಮೂರು ಮೀಟರ್

ಬೆಂಗಳೂರಿನಲ್ಲಿ ಮನುಷ್ಯರನ್ನು ಅಳೆಯುವುದು ಸೈಟಿನಿಂದ. ‘ಅವರದ್ದು ತರ್ಟಿ ಫಾರ್ಟಿ’ ಎನ್ನುವಾಗ ಒಂದು ದನಿ, ‘ಫಾರ್ಟಿ ಸಿಕ್ಸ್ಟಿ’ ಎನ್ನುವಾಗ ಇನ್ನೊಂದು ದನಿ. ‘ಫಿಫ್ಟಿ ಎಯ್ಟಿ’ ಎನ್ನಬೇಕಾದರಂತೂ ಹೇಳುವವರೇ ಒಮ್ಮೆ ಉಸಿರೆಳೆದುಕೊಂಡು ಹೇಳುತ್ತಾರೆ. ನನಗೆ ಈ ಅಂಕಿಗಳು ಕಿವಿಗೆ ಬಿದ್ದರೆ ಮನೆ ಕಾಣುವುದಿಲ್ಲ, ವಾಲಿಬಾಲ್ ಕೋರ್ಟು ಕಾಣುತ್ತದೆ. ಇದು ಚಿಕ್ಕಂದಿನಿಂದ ಅಂಟಿಕೊಂಡ ಚಾಳಿ. ಗೃಹಪ್ರವೇಶಕ್ಕೆ ಹೋದರೂ ಮನೆಯವರು ಮಾಡ್ಯುಲರ್ ಕಿಚನ್ ತೋರಿಸುತ್ತಿರುವಾಗ ನಾನು ಮನಸ್ಸಿನಲ್ಲೇ ಆ ಕಿಚನ್ನಿನ ಮೇಲೆ ಅಟ್ಯಾಕ್ ಲೈನ್ ಎಳೆಯುತ್ತಿರುತ್ತೇನೆ.

ಲೆಕ್ಕ ಹೀಗಿದೆ. ವಾಲಿಬಾಲ್ ಕೋರ್ಟು 18 ಮೀಟರ್ ಉದ್ದ, 9 ಮೀಟರ್ ಅಗಲ. ನಲವತ್ತು ಅರವತ್ತರ ಸೈಟನ್ನು ಮೀಟರಿಗೆ ತಂದರೆ 12.19 ಅಗಲ, 18.29 ಉದ್ದ. ‘ಆಹಾ, ಕೋರ್ಟು ಹಿಡಿಸುತ್ತದೆ’ ಎಂದು ಎಲ್ಲರಿಗೂ ಮೊದಲು ಹಿಗ್ಗಾಗುತ್ತದೆ. ಹಿಡಿಸುವುದೇನೋ ನಿಜ, ಆದರೆ ಉದ್ದಕ್ಕೆ ಎರಡೂ ತುದಿಯಲ್ಲಿ ಉಳಿಯುವುದು ಹದಿನಾಲ್ಕೇ ಸೆಂಟಿಮೀಟರ್. ಸರ್ವ್ ಮಾಡುವವನು ಕೊನೆಯ ಗೆರೆಯನ್ನು ತುಳಿಯುವಂತಿಲ್ಲ, ಗೆರೆಯ ಹಿಂದೆ ಅವನ ಪಾದಕ್ಕೇ ಜಾಗವಿಲ್ಲ. ಕಾಂಪೌಂಡಿಗೆ ಬೆನ್ನು ಅಂಟಿಸಿ, ಕಾಲನ್ನು ಅಡ್ಡ ಇಟ್ಟುಕೊಂಡು, ಹಿಂದಕ್ಕೆ ಎತ್ತಿದ ಕೈ ಪಕ್ಕದ ಮನೆಯ ತುಳಸಿಕಟ್ಟೆಯ ಮೇಲೆ ಬರುವಂತೆ ಸರ್ವ್ ಮಾಡಬೇಕು. ಇನ್ನು ಮೂವತ್ತು ನಲವತ್ತರ ಸೈಟಿನಲ್ಲಿ ಅರ್ಧ ಕೋರ್ಟು, ಅದರ ಹಿಂದೆ ಮೂರು ಮೀಟರ್ ಜಾಗ ಸರಿಯಾಗಿ ಸಿಗುತ್ತದೆ. ಅಂದರೆ ಒಂದು ತಂಡ ಆಡಬಹುದು. ಎದುರಾಳಿಗಳು ಹಿಂದಿನ ಸೈಟು ಕೊಂಡುಕೊಳ್ಳಬೇಕು.

ನಿಯಮದ ಪುಸ್ತಕ ಕೇಳುವುದು ಹದಿನೆಂಟು ಒಂಬತ್ತು ಮಾತ್ರವಲ್ಲ. ಕೋರ್ಟಿನ ನಾಲ್ಕೂ ಕಡೆ ಕನಿಷ್ಠ 3 ಮೀಟರ್ ಖಾಲಿ ಜಾಗವನ್ನೂ ಕೇಳುತ್ತದೆ. ಅದರ ಹೆಸರು ಫ್ರೀ ಝೋನ್. ಅದು ಸೇರಿದರೆ 24ಕ್ಕೆ 15 ಮೀಟರ್. ಗುಣಿಸಿ ನೋಡಿದರೆ ಗೆರೆಯ ಒಳಗಿನದು 162 ಚದರ ಮೀಟರ್, ಹೊರಗಿನದು 198. ಆಟಕ್ಕೆ ಗೆರೆಯ ಒಳಗೆ ಬೇಕಾದದ್ದಕ್ಕಿಂತ ಹೆಚ್ಚು ನೆಲ ಗೆರೆಯ ಹೊರಗೆ ಬೇಕು! ಈ ಸತ್ಯವನ್ನು ನನಗೆ ಹೇಳಿಕೊಟ್ಟವರು ನಮ್ಮ ಮಲೆನಾಡಿನ ಶಾಲೆಯ ಪೀಟಿ ಮೇಷ್ಟ್ರು. ಅವರು ಗುಣಿಸಿ ತೋರಿಸಲಿಲ್ಲ, ಬೈದು ತೋರಿಸಿದರು. ಕೋರ್ಟು ಹಾಕಲು ಕರೆದುಕೊಂಡು ಹೋದಾಗ ನಾವು ಹುಡುಗರು ನೇರ ಗೂಟ ಹೊಡೆಯಲು ಹೊರಟರೆ, ‘ಲೋ, ಮೊದ್ಲು ಹೊರಗಡೆ ನೋಡ್ರೋ. ಒಳಗಿಂದು ಎಲ್ಲಿಗೂ ಓಡಿ ಹೋಗಲ್ಲ’ ಎನ್ನುತ್ತಿದ್ದರು.

ನೋಡುವುದು ಎಂದರೆ ನಡೆದು ನೋಡುವುದು. ಸುಗ್ಗಿ ಮುಗಿದ ಮೇಲೆ ಮೇಷ್ಟ್ರು ಲುಂಗಿ ಎತ್ತಿ ಕಟ್ಟಿ, ಕೂಳೆಗಳ ನಡುವೆ ಹೆಜ್ಜೆ ಹಾಕುತ್ತ ಒಂದು ಗದ್ದೆಯಿಂದ ಇನ್ನೊಂದಕ್ಕೆ ದಾಟುತ್ತಿದ್ದರು. ಗದ್ದೆಯಷ್ಟು ಮಟ್ಟವಾದ ನೆಲ ಬೇರೆಲ್ಲೂ ಸಿಗುವುದಿಲ್ಲ ಎಂಬುದು ಅವರ ವಾದ. ಅದನ್ನು ಮಟ್ಟ ಮಾಡಿದ್ದು ನೀರು, ನೀರಿಗೆ ದಾಕ್ಷಿಣ್ಯವಿಲ್ಲ. ಬಯಲಿನ ಕೋರ್ಟಿನಲ್ಲಿ ಮಳೆನೀರು ಹರಿದುಹೋಗಲಿ ಎಂದು ಮೀಟರಿಗೆ 5 ಮಿಲಿಮೀಟರ್ ಇಳಿಜಾರನ್ನು ನಿಯಮ ಒಪ್ಪುತ್ತದೆ. ಹದಿನೆಂಟು ಮೀಟರಿಗೆ ಒಂಬತ್ತು ಸೆಂಟಿಮೀಟರ್ ಆಯಿತು. ನಮ್ಮ ಗದ್ದೆಗಳಿಗೆ ಅಷ್ಟು ರಿಯಾಯಿತಿಯೂ ಬೇಕಿರಲಿಲ್ಲ. ಅವುಗಳ ತೊಂದರೆ ಬೇರೆ: ಬದು. ಅಗಲಕ್ಕೆ ಹದಿನೈದು ಮೀಟರ್ ಬದುವಿಲ್ಲದೆ ಸಿಗುವ ಗದ್ದೆ ಮಲೆನಾಡಿನಲ್ಲಿ ಅಪರೂಪ. ಹನ್ನೆರಡಕ್ಕೋ ಹದಿಮೂರಕ್ಕೋ ಒಂದು ಬದು ಬಂದು ಮಲಗಿರುತ್ತಿತ್ತು. ಹೊರಗೆ ಹೋದ ಚೆಂಡನ್ನು ತರಲು ಕತ್ತು ಮೇಲೆತ್ತಿಕೊಂಡು ಓಡುವ ಹುಡುಗನಿಗೆ ಬದು ಕಾಣುವುದಿಲ್ಲ, ಬದುವಿಗೆ ಹುಡುಗ ಸಿಗುತ್ತಾನೆ. ಹಾಗಾಗಿ ಮೇಷ್ಟ್ರು ಗದ್ದೆಯ ಯಜಮಾನರ ಬಳಿ ಹೋಗಿ ಬದು ಕಡಿಯಲು ಅನುಮತಿ ಕೇಳುತ್ತಿದ್ದರು. ಅಂಥ ಅನುಮತಿ ಕೇಳುವುದು ಹೆಣ್ಣು ಕೇಳುವುದಕ್ಕಿಂತ ಕಷ್ಟ. ‘ಮಳೆಗಾಲಕ್ಕೆ ಮುಂಚೆ ಮತ್ತೆ ಕಟ್ಟಿಕೊಡ್ತೀವಿ ಯಜಮಾನ್ರೇ’ ಎಂದು ಮಾತು ಕೊಟ್ಟು, ಆಮೇಲೆ ಕೊಟ್ಟ ಮಾತಿನಂತೆ ಮೇ ತಿಂಗಳಲ್ಲಿ ನಮ್ಮಿಂದಲೇ ಮಣ್ಣು ಹೊರಿಸಿ ಕಟ್ಟಿಸುತ್ತಿದ್ದರು.

ಆಮೇಲೆ ಮೇಲೆ ನೋಡುವುದು. ಕೋರ್ಟಿನ ಮೇಲೂ ಫ್ರೀ ಝೋನಿನ ಮೇಲೂ ಕನಿಷ್ಠ 7 ಮೀಟರ್ ಎತ್ತರದವರೆಗೆ ಏನೂ ಇರಬಾರದು. ನಮ್ಮ ಕಡೆ ಏನಾದರೊಂದು ಇದ್ದೇ ಇರುತ್ತದೆ, ಹಲಸಿನ ಕೊಂಬೆಯೋ ಕರೆಂಟಿನ ತಂತಿಯೋ. ಪುಸ್ತಕದ ಪ್ರಕಾರ ಅಂಥದ್ದಕ್ಕೆ ತಾಗಿದ ಚೆಂಡು ಔಟ್. ನಮ್ಮೂರಿನ ನಿಯಮ ಅಷ್ಟು ನಿರ್ದಯವಾಗಿರಲಿಲ್ಲ. ಕೊಂಬೆಗೆ ತಾಗಿದರೆ ಮತ್ತೆ ಸರ್ವ್, ಹಲಸಿನಕಾಯಿಗೆ ತಾಗಿದರೆ ಎಲ್ಲರೂ ದೂರ.

ಮೂರನೆಯದು ಸೂರ್ಯ. ಕೋರ್ಟಿನ ಉದ್ದ ಉತ್ತರ ದಕ್ಷಿಣಕ್ಕೆ ಬರಬೇಕು. ಪೂರ್ವ ಪಶ್ಚಿಮಕ್ಕೆ ಹಾಕಿದರೆ ಸಂಜೆಯ ಆಟದಲ್ಲಿ ಒಂದು ತಂಡಕ್ಕೆ ಇಳಿಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ, ಮೇಲೆ ಬಂದ ಚೆಂಡು ಸೂರ್ಯನ ಒಳಗೆ ಹೋಗಿ ಮೂಗಿನ ಮೇಲೆ ಹೊರಬರುತ್ತದೆ. ವಾಸ್ತುವಿನವರಿಗೂ ವಾಲಿಬಾಲಿನವರಿಗೂ ಇಲ್ಲೊಂದು ಜಗಳವಿದೆ. ಸಾಮಾನ್ಯವಾಗಿ ಸೈಟಿನ ಚಿಕ್ಕ ಬದಿ ರಸ್ತೆಗಿರುತ್ತದೆ, ಉದ್ದ ಹಿಂದಕ್ಕೆ ಹೋಗುತ್ತದೆ. ಎಲ್ಲರೂ ಮುಗಿಬೀಳುವ ಪೂರ್ವ ದಿಕ್ಕಿನ ಸೈಟಿನಲ್ಲಿ ಹಾಗಾಗಿ ಕೋರ್ಟು ಪೂರ್ವ ಪಶ್ಚಿಮಕ್ಕೇ ಮಲಗಬೇಕು. ಯಾರಿಗೂ ಬೇಡವಾದ, ದಲ್ಲಾಳಿಗಳು ಮೆಲ್ಲಗೆ ಹೇಳುವ ದಕ್ಷಿಣ ದಿಕ್ಕಿನ ಸೈಟು ಆಟಕ್ಕೆ ಪರಮ ಶ್ರೇಷ್ಠ.

ಇಷ್ಟಾದ ಮೇಲೆ ಗೂಟ. ಮೇಷ್ಟ್ರ ಬಳಿ ಒಂದು ಹಳೇ ಕೈಚೀಲವಿತ್ತು. ಅದರಲ್ಲಿ ಸೈಕಲ್ ಕಡ್ಡಿಗಳು, ಗಾರೆಯವರ ನೂಲುದಾರ, ಎರಡು ಟೇಪು, ಒಂದು ಸುತ್ತಿಗೆ. ತೆಂಗಿನ ನಾರಿನ ಹಗ್ಗವನ್ನು ಅವರು ಹತ್ತಿರ ಸೇರಿಸುತ್ತಿರಲಿಲ್ಲ. ಅದು ಎಳೆದಷ್ಟೂ ಬರುತ್ತದೆ, ಎಳೆಯುವವನು ಯಾರು ಎಂಬುದರ ಮೇಲೆ ಕೋರ್ಟಿನ ಅಳತೆ ನಿಲ್ಲುತ್ತದೆ. ಬಟ್ಟೆಯ ಟೇಪಿನದೂ ಅದೇ ಗುಣ. ಟೇಪು ಬಿಚ್ಚಿದ ಕೂಡಲೇ ಅವರು ನೋಡುತ್ತಿದ್ದುದು ಸೊನ್ನೆ ಎಲ್ಲಿದೆ ಎಂದು. ಕೆಲವು ಟೇಪುಗಳಲ್ಲಿ ಸೊನ್ನೆ ಕೊಕ್ಕೆಯ ತುದಿಯಲ್ಲೇ ಇರುತ್ತದೆ, ಕೆಲವದರಲ್ಲಿ ಒಂದು ಗೇಣು ಒಳಗೆ ಪಟ್ಟಿಯ ಮೇಲೆ. ಎರಡು ಟೇಪು ಎರಡು ಜಾತಿಯದಾದರೆ ಅವುಗಳನ್ನು ಹಿಡಿದ ಇಬ್ಬರೂ ಪ್ರಾಮಾಣಿಕರಾಗಿದ್ದೂ ಕೋರ್ಟು ಸೊಟ್ಟಗಾಗುತ್ತದೆ.

ಎಲ್ಲರೂ ಮೂಲೆಯಿಂದ ಶುರುಮಾಡುತ್ತಾರೆ. ಮೇಷ್ಟ್ರು ನಡುವಿನಿಂದ ಶುರುಮಾಡುತ್ತಿದ್ದರು. ನೆಟ್ಟು ಬರುವುದು ನಡುವೆ, ಅಟ್ಯಾಕ್ ಲೈನನ್ನು ಅಳೆಯುವುದು ನಡುವಿನಿಂದ, ಆದ್ದರಿಂದ ಮೊದಲ ಗೂಟಗಳೂ ಅಲ್ಲಿಗೇ. ನಡುಗೆರೆಯ ಎರಡು ತುದಿಗೆ, ಒಂಬತ್ತು ಮೀಟರ್ ಅಂತರದಲ್ಲಿ ಎರಡು ಕಡ್ಡಿ. ಎಡಗಡೆಯ ಕಡ್ಡಿಗೆ ಒಂದು ಟೇಪಿನ ಸೊನ್ನೆ, ಬಲಗಡೆಯ ಕಡ್ಡಿಗೆ ಇನ್ನೊಂದರ ಸೊನ್ನೆ. ಎಡಗಡೆಯದರಲ್ಲಿ 9 ಮೀಟರ್ ಹಿಡಿದು, ಬಲಗಡೆಯದರಲ್ಲಿ 12.73 ಹಿಡಿದು, ಎರಡನ್ನೂ ಬಿಗಿಯಾಗಿ ಎಳೆದುಕೊಂಡು ಹಿಂದೆ ಮುಂದೆ ಸರಿದರೆ ಎರಡು ಗುರುತುಗಳು ಒಂದು ಕಡೆ ಕೂಡುತ್ತವೆ. ಅದೇ ಮೂಲೆ. ಆಮೇಲೆ ಟೇಪುಗಳನ್ನು ಅದಲುಬದಲು ಮಾಡಿದರೆ ಆಚೆಯ ಮೂಲೆ. ಎರಡು ಮೂಲೆಗಳ ನಡುವೆ ಅಳೆದಾಗ ಮತ್ತೆ ಒಂಬತ್ತು ಬಂದರೆ ಅರ್ಧ ಕೋರ್ಟು ಸಿದ್ಧ. ನೆಟ್ಟಿನ ಈಚೆಗೂ ಇದೇ ಆಟ.

ಈ 12.73 ಎಲ್ಲಿಂದ ಬಂತು ಎಂದು ಕೇಳುವ ಧೈರ್ಯ ನಮಗಿರಲಿಲ್ಲ. ಒಂಬತ್ತು ಒಂಬತ್ತರ ಚೌಕದ ಕರ್ಣ ಅದು ಎಂದು ಹತ್ತನೇ ಕ್ಲಾಸಿನಲ್ಲಿ ಗಣಿತದ ಮೇಷ್ಟ್ರು ಪೈಥಾಗೊರಸ್ ಮಾಡುವಾಗ ಹೊಳೆಯಿತು. ಪೈಥಾಗೊರಸನಿಗಿಂತ ಮೊದಲು ನಮ್ಮ ಪೀಟಿ ಮೇಷ್ಟ್ರು ಹೇಳಿದ್ದರು ಎಂದು ಹಿಂದಿನ ಬೆಂಚಿನಲ್ಲಿ ಯಾರೋ ಪಿಸುಗುಟ್ಟಿದ್ದು, ಅದಕ್ಕೆ ಬೆಂಚಿಗೆ ಬೆಂಚೇ ಎದ್ದು ನಿಂತದ್ದು ಈಗಲೂ ನೆನಪಿದೆ.

ಕರ್ಣವನ್ನು ಇಷ್ಟು ಹಿಡಿದುಕೊಳ್ಳುವುದಕ್ಕೆ ಕಾರಣವಿದೆ. ನಾಲ್ಕೂ ಬದಿ ಸರಿಯಾಗಿದ್ದೂ ಕೋರ್ಟು ತಪ್ಪಾಗಿರಬಹುದು. ಹದಿನೆಂಟು, ಒಂಬತ್ತು, ಹದಿನೆಂಟು, ಒಂಬತ್ತು ಎಂದು ಸುತ್ತಲೂ ಅಳೆದು ಎದೆ ತಟ್ಟಿಕೊಳ್ಳುವಾಗಲೇ ಇಡೀ ಚೌಕಟ್ಟು ಒಂದು ಕಡೆಗೆ ವಾಲಿಕೊಂಡಿರುತ್ತದೆ, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಹೊನಲು ಬೆಳಕಿನ ಪಂದ್ಯಾವಳಿ ಒಂದರಲ್ಲಿ ಮೂಲೆಯ ಚೆಂಡು ಒಳಗೆ ಬಿತ್ತೋ ಹೊರಗೆ ಬಿತ್ತೋ ಎಂದು ಎರಡು ಊರಿನವರು ಅಂಗಿ ಕೈ ಮಡಿಸಿದ್ದರು. ಮೇಷ್ಟ್ರು ಸುಮ್ಮನೆ ಟೇಪು ತೆಗೆದು ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆದರು. ಎರಡೂ 20.12ರ ಆಸುಪಾಸು ಇರಬೇಕಿತ್ತು. ಒಂದು ಇನ್ನೊಂದಕ್ಕಿಂತ ಹತ್ತು ಸೆಂಟಿಮೀಟರ್ ಉದ್ದವಿತ್ತು. ಹತ್ತು ಸೆಂಟಿಮೀಟರ್ ವ್ಯತ್ಯಾಸ ಎಂದರೆ ಒಂಬತ್ತು ಮೀಟರಿನ ಕೊನೆಯ ಗೆರೆಯಲ್ಲಿ ಒಂದು ಮೂಲೆ ಇನ್ನೊಂದಕ್ಕಿಂತ ಐದೂವರೆ ಸೆಂಟಿಮೀಟರಿನಷ್ಟು ಮುಂದೆ ಹೋಗಿದೆ ಎಂದರ್ಥ. ಗೆರೆಯ ದಪ್ಪವೇ 5 ಸೆಂಟಿಮೀಟರ್. ‘ಚೆಂಡು ಬಿದ್ದ ಜಾಗ ಸರಿ ಇದೆ, ಗೆರೆ ಬಿದ್ದ ಜಾಗ ಸರಿ ಇಲ್ಲ’ ಎಂದು ಮೇಷ್ಟ್ರು ತೀರ್ಪು ಕೊಟ್ಟರು. ಎರಡೂ ಊರಿನವರು ಒಂದಾಗಿ ಕೋರ್ಟು ಹಾಕಿದವರನ್ನು ಹುಡುಕಿಕೊಂಡು ಹೊರಟರು.

ಗೆರೆಯ ದಪ್ಪ ಎಂದೆನಲ್ಲ, ಅಲ್ಲೊಂದು ಗುಟ್ಟಿದೆ. ಗೆರೆಗಳು ಕೋರ್ಟಿನ ಭಾಗ, ಹದಿನೆಂಟು ಒಂಬತ್ತು ಎಂಬುದು ಗೆರೆಯ ಹೊರ ಅಂಚಿನಿಂದ ಹೊರ ಅಂಚಿಗೆ. ಆದ್ದರಿಂದ ಕಡ್ಡಿಗೆ ಕಟ್ಟಿದ ದಾರದ ಒಳಗಡೆಗೇ ಪುಡಿ ಬೀಳಬೇಕು. ದಾರದ ಎರಡೂ ಕಡೆ ಸಮನಾಗಿ ಉದುರಿಸುತ್ತ ಹೋದರೆ ಗೊತ್ತಿಲ್ಲದಂತೆ ಕೋರ್ಟು ಐದು ಸೆಂಟಿಮೀಟರ್ ಬೆಳೆಯುತ್ತದೆ. ಅಟ್ಯಾಕ್ ಲೈನೂ ಹೀಗೆಯೇ. ನಡುಗೆರೆಯ ನಟ್ಟನಡುವಿನಿಂದ ಅಟ್ಯಾಕ್ ಲೈನಿನ ಹಿಂದಿನ ಅಂಚಿಗೆ ಮೂರು ಮೀಟರ್, ಗೆರೆ ಆ ಮೂರರ ಒಳಗೆ. ಪುಡಿ ಉದುರಿಸಲು ಹಾಲಿನ ಪುಡಿಯ ಡಬ್ಬದ ತಳಕ್ಕೆ ಮೊಳೆಯಿಂದ ತೂತು ಹೊಡೆದ ಸಾಧನವಿತ್ತು. ದಪ್ಪ ಸರಿಬರಲು ಎರಡು ಉದ್ದ ರೀಪುಗಳನ್ನು ಐದು ಸೆಂಟಿಮೀಟರ್ ಸಂದು ಬಿಟ್ಟು ಅಡ್ಡಪಟ್ಟಿ ಹೊಡೆದು ಜೋಡಿಸಿದ್ದರು. ಅದನ್ನು ದಾರದ ಪಕ್ಕಕ್ಕೆ ಇಟ್ಟು, ಸಂದಿನಲ್ಲಿ ಪುಡಿ ಉದುರಿಸಿ, ಮೆಲ್ಲಗೆ ಎತ್ತಿ ಮುಂದಕ್ಕೆ ಸರಿಸುವುದು. ಎತ್ತುವ ಕೆಲಸ ನಂಬಿಕಸ್ಥ ಹುಡುಗರಿಗೆ ಮಾತ್ರ ಸಿಗುತ್ತಿತ್ತು.

ಪುಡಿ ಎಂದರೆ ಎಲ್ಲರೂ ಸುಣ್ಣ ಎಂದುಕೊಳ್ಳುತ್ತಾರೆ. ಮೇಷ್ಟ್ರಿಗೆ ಸುಣ್ಣ ಕಂಡರೆ ಆಗದು. ಅರಳದ ಸುಟ್ಟ ಸುಣ್ಣದ ಮೇಲೆ ಬೆವರಿನ ಮೈ ಬಿದ್ದರೆ ಅದು ಅಲ್ಲೇ ಕಾಯತೊಡಗುತ್ತದೆ. ಅರಳಿಸಿದ ಸುಣ್ಣವೂ ಕಣ್ಣಿಗೆ ಹೋದರೆ ಉರಿದು ಸುಡುವಂಥದ್ದು. ಚೆಂಡು ಎತ್ತಲು ನೆಲಕ್ಕೆ ಹಾರುವವನ ಮುಖ ನೇರವಾಗಿ ಹೋಗಿ ನಿಲ್ಲುವುದು ಗೆರೆಯ ಮೇಲೆಯೇ. ಹಾಗಾಗಿ ಅವರ ಕೋರ್ಟಿಗೆ ರಂಗೋಲಿ ಪುಡಿ. ಊರಿನ ಅಂಗಡಿಯಲ್ಲಿ ಪೀಟಿ ಮೇಷ್ಟ್ರು ಚೀಲಗಟ್ಟಲೆ ರಂಗೋಲಿ ಪುಡಿ ಕೊಳ್ಳುವುದನ್ನು ನೋಡಿ ಹೊಸದಾಗಿ ಬಂದ ಪೋಸ್ಟ್ ಮಾಸ್ಟರು, ‘ಮನೆಯವರು ಬಹಳ ಆಚಾರವಂತರೇನೋ’ ಎಂದು ಗೌರವದಿಂದ ವಿಚಾರಿಸಿದ್ದರಂತೆ.

ಕೊನೆಗೆ ಕಂಬ. ಬದಿಯ ಗೆರೆಯಿಂದ ಅರ್ಧದಿಂದ ಒಂದು ಮೀಟರ್ ಹೊರಗೆ, 2.55 ಮೀಟರ್ ಎತ್ತರ. ಕಂಬವನ್ನು ತಂತಿ ಕಟ್ಟಿ ನಿಲ್ಲಿಸುವಂತಿಲ್ಲ ಎಂದು ನಿಯಮವಿದೆ. ನಮ್ಮದೋ ಅಡಿಕೆ ದಬ್ಬೆಯ ಕಂಬ, ನೆಟ್ಟು ಬಿಗಿದರೆ ಬಾಗುತ್ತಿತ್ತು, ಹಿಂದಕ್ಕೆ ಹಗ್ಗ ಎಳೆದು ಗೂಟಕ್ಕೆ ಕಟ್ಟದೆ ಗತಿಯಿರಲಿಲ್ಲ. ಆ ಹಗ್ಗ ಎಲ್ಲರೂ ಓಡುವ ಜಾಗದಲ್ಲೇ ಮೊಣಕಾಲ ಮಟ್ಟಕ್ಕೆ ಹಾದುಹೋಗುತ್ತಿತ್ತು. ನಿಯಮ ಯಾಕೆ ಇದೆ ಎಂಬುದಕ್ಕೆ ನಮ್ಮ ಮೊಣಕಾಲುಗಳೇ ಸಾಕ್ಷಿ. ಮುಂದೆ ಮೇಷ್ಟ್ರು ಗ್ರಾಮ ಪಂಚಾಯ್ತಿಯ ಬೆನ್ನುಹತ್ತಿ ಎರಡು ಕಬ್ಬಿಣದ ಪೈಪು ತಂದು, ಮೂರಡಿ ಆಳಕ್ಕೆ ಹೂಳಿಸಿದ ದಿನ ಎಲ್ಲರಿಗೂ ಮಂಡಕ್ಕಿ ಕೊಡಿಸಿದರು. ನೆಟ್ಟಿನ ಎತ್ತರ ಗಂಡಸರಿಗೆ 2.43, ಹೆಂಗಸರಿಗೆ 2.24 ಮೀಟರ್. ಅದನ್ನು ಅಳೆಯುವುದು ಕೋರ್ಟಿನ ನಡುವೆ. ಎರಡು ಬದಿಯ ಗೆರೆಗಳ ಮೇಲೆ ಎತ್ತರ ಒಂದೇ ಸಮ ಇರಬೇಕು, ನಡುವಿಗಿಂತ ಎರಡು ಸೆಂಟಿಮೀಟರಿಗಿಂತ ಹೆಚ್ಚಾಗಿರಬಾರದು. ಇದಕ್ಕೆ ಅವರು ಟೇಪು ಬಳಸದೆ ಒಂದು ಬಿದಿರಿನ ಗಳಕ್ಕೆ ಎರಡು ಕಚ್ಚು ಹಾಕಿಕೊಂಡಿದ್ದರು. ಆ ಗಳವನ್ನು ಯಾರೂ ದಾಟುವಂತಿರಲಿಲ್ಲ, ಬಟ್ಟೆ ಒಣಹಾಕುವಂತಿರಲಿಲ್ಲ.

ಎಲ್ಲ ಮುಗಿದ ಮೇಲೆ ಅವರು ನಿಯಮದಲ್ಲಿಲ್ಲದ ಇನ್ನೊಂದು ಗೆರೆ ಹಾಕಿಸುತ್ತಿದ್ದರು, ಒಲೆಯ ಬೂದಿಯಿಂದ. ಕೋರ್ಟಿನ ಸುತ್ತ ಮೂರು ಮೀಟರ್ ಬಿಟ್ಟು ಒಂದು ದೊಡ್ಡ ಚೌಕ. ನೋಡುವವರು ಕೂರಬೇಕಾದದ್ದು ಬೂದಿಗೆರೆಯ ಆಚೆ. ಪಂದ್ಯ ಶುರುವಾಗುವಾಗ ಎಲ್ಲರೂ ಆಚೆಯೇ ಇರುತ್ತಿದ್ದರು. ಮೊದಲ ಸೆಟ್ಟಿಗೆ ಮಕ್ಕಳು ಒಂದಿಷ್ಟು ಮುಂದೆ ಸರಿದರು, ಮಕ್ಕಳನ್ನು ಹಿಂದೆ ಕರೆಯಲು ಬಂದ ತಾಯಂದಿರು ಅಲ್ಲೇ ಕೂತರು, ತಾಯಂದಿರ ಪಕ್ಕಕ್ಕೆ ಎಲೆ ಅಡಿಕೆ ತಟ್ಟೆ ಬಂತು. ಮೂರನೇ ಸೆಟ್ಟಿನ ಹೊತ್ತಿಗೆ ಸರ್ವ್ ಮಾಡುವವನು ಯಾರದೋ ಅಜ್ಜಿಯನ್ನು ‘ಸ್ವಲ್ಪ ಕಾಲು ಮಡಚ್ಕಳಿ ಅಮ್ಮ’ ಎಂದು ಕೇಳಿಕೊಂಡು ಓಡಿಬರಬೇಕಾಗುತ್ತಿತ್ತು. ಮೇಷ್ಟ್ರು ಪೀಪಿ ಊದಿ ಆಟ ನಿಲ್ಲಿಸಿ, ಅಷ್ಟೂ ಜನರನ್ನು ಬೂದಿಗೆರೆಗೆ ವಾಪಸು ಕಳಿಸದೆ ಮುಂದಿನ ಸರ್ವಿಗೆ ಬಿಡುತ್ತಿರಲಿಲ್ಲ. ಅತಿಥಿಯಾಗಿ ಬಂದ ಮುಖಂಡರ ಕುರ್ಚಿಯನ್ನೂ ಒಮ್ಮೆ ಹಿಂದಕ್ಕೆ ಹೊರಿಸಿದ್ದರು, ಮುಖಂಡರು ಅದರಲ್ಲಿ ಕೂತಿದ್ದಾಗಲೇ.

ಆ ಗದ್ದೆಗಳು ಈಗ ಅಡಿಕೆ ತೋಟ. ಒಂಬತ್ತು ಅಡಿಗೊಂದು ಸಸಿ. ಹೋದ ಸಲ ಊರಿಗೆ ಹೋದಾಗ ಲೆಕ್ಕ ಹಾಕಿದೆ. ಕೋರ್ಟಿನ ಒಳಗಿನ ಜಾಗದಲ್ಲಿ ಸುಮಾರು 22 ಮರ, ಫ್ರೀ ಝೋನಿನಲ್ಲಿ 26. ಅಡಿಕೆಯ ಈಗಿನ ಧಾರಣೆಯಲ್ಲಿ ನೋಡಿದರೆ ಮೇಷ್ಟ್ರು ಎಷ್ಟು ದುಬಾರಿ ನೆಲವನ್ನು ಚೆಂಡು ಹೊರಗೆ ಹೋಗುವುದಕ್ಕೆಂದು ಕಾದಿರಿಸಿದ್ದರು ಎಂದು ತಲೆ ತಿರುಗುತ್ತದೆ.

ಬೆಂಗಳೂರಿನ ನಮ್ಮ ಬಡಾವಣೆಗೆ ವಾಲಿಬಾಲಿನ ಹುಚ್ಚು ಹತ್ತಿದ್ದು ವೈದ್ಯರ ದೆಸೆಯಿಂದ. ಬೀದಿಯ ಗಂಡಸರಿಗೆಲ್ಲ ಸಕ್ಕರೆ, ಬಿಪಿ ಒಟ್ಟಿಗೆ ಏರಿ, ಓಡಲು ಮಂಡಿ ಒಪ್ಪದೆ, ಜಿಮ್ಮಿಗೆ ಮಕ್ಕಳೆದುರು ಹೋಗಲು ನಾಚಿಕೆಯಾಗಿ, ಕೊನೆಗೆ ವಾಲಿಬಾಲ್ ಎಂದಾಯಿತು. ಇದು ಆಟದ ವಂಶಕ್ಕೆ ತಕ್ಕದ್ದೇ. 1895ರಲ್ಲಿ ಅಮೆರಿಕದ ಹೋಲಿಯೋಕಿನಲ್ಲಿ ವಿಲಿಯಂ ಮಾರ್ಗನ್ ಇದನ್ನು ಹುಟ್ಟುಹಾಕಿದ್ದು ಬ್ಯಾಸ್ಕೆಟ್‌ಬಾಲಿನ ಓಟ ಹೆಚ್ಚೆನಿಸಿದ, ವಯಸ್ಸಾಗುತ್ತಿದ್ದ ವ್ಯಾಪಾರಿಗಳಿಗಾಗಿ. ಅವನ ಕೋರ್ಟು 25ಕ್ಕೆ 50 ಅಡಿ, ನೆಟ್ಟು ಆರೂವರೆ ಅಡಿ, ಒಂದು ಕಡೆ ಎಷ್ಟು ಜನ ಬೇಕಾದರೂ ನಿಲ್ಲಬಹುದಿತ್ತು. ಅವನ ಆಟ ನಲವತ್ತು ಅರವತ್ತರ ಸೈಟಿನಲ್ಲಿ ಸುತ್ತಲೂ ಜಾಗ ಬಿಟ್ಟುಕೊಂಡು ಹಾಯಾಗಿ ಕೂರುತ್ತಿತ್ತು. ಆಟ ಬೆಳೆಯಿತು, ಸೈಟು ಬೆಳೆಯಲಿಲ್ಲ.

ನಮ್ಮ ಅದೃಷ್ಟಕ್ಕೆ ಬೀದಿಯ ಕೊನೆಯಲ್ಲಿ ಒಂದು ಐವತ್ತು ಎಂಬತ್ತರ ಸೈಟು ಖಾಲಿ ಬಿದ್ದಿತ್ತು. ಯಜಮಾನರ ಮಗ ಅಮೆರಿಕದಲ್ಲಿ, ಯಜಮಾನರು ಎರಡು ಬೀದಿ ಆಚೆ. ‘ಕಳೆ ಕೀಳಿಸಿಕೊಂಡ್ರೆ ಆಡ್ಕೊಳ್ಳಿ, ನಮ್ಮ ಹುಡುಗ ಬಂದು ಕಟ್ಟೋವರೆಗೆ’ ಎಂದರು. ಮೇಲಾಗಿ ದಕ್ಷಿಣ ದಿಕ್ಕಿನದು! ಐವತ್ತು ಎಂಬತ್ತು ಅಡಿ ಎಂದರೆ 15.24ಕ್ಕೆ 24.38 ಮೀಟರ್. ಪುಸ್ತಕ ಕೇಳುವುದು 15ಕ್ಕೆ 24. ಸೈಟುಗಳ ಅಳತೆ ನಿರ್ಧರಿಸಿದ ಪುಣ್ಯಾತ್ಮ ಯಾರೋ ಹರೆಯದಲ್ಲಿ ವಾಲಿಬಾಲ್ ಆಡಿದವನೇ ಇರಬೇಕು ಎಂದು ನನ್ನ ಗುಮಾನಿ. ಅಗಲಕ್ಕೆ 24 ಸೆಂಟಿಮೀಟರ್, ಉದ್ದಕ್ಕೆ 38 ಸೆಂಟಿಮೀಟರ್ ಉಳಿತಾಯ.

ಅಳೆಯಲು ಹೋದಾಗ ಅಗಲದ ಉಳಿತಾಯದಲ್ಲಿ ಅರ್ಧ ಅಡಿಯನ್ನು ಪಕ್ಕದ ಕಾಂಪೌಂಡು ಆಗಲೇ ನುಂಗಿತ್ತು. ಹದಿನೈದು ಸೆಂಟಿಮೀಟರ್ ಹೋಗಿ ಒಂಬತ್ತು ಉಳಿಯಿತು. ಇನ್ನು ಅರ್ಧ ಗೇಣು ಈಚೆಗೆ ಬಂದಿದ್ದರೂ ಬಡಾವಣೆಯ ಕೋರ್ಟು ನಿಯಮಬಾಹಿರವಾಗುತ್ತಿತ್ತು ಎಂದು ಹೇಳಿದಾಗ ಕಾಂಪೌಂಡಿನವರು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡರು. ಹಿಂದಿನ ಮೂಲೆಯಲ್ಲಿ ಒಂದು ಹೊಂಗೆ ಮರದ ಕೊಂಬೆ ಫ್ರೀ ಝೋನಿನ ಮೇಲೆ ಏಳು ಮೀಟರಿಗಿಂತ ಕೆಳಗೇ ಬಾಗಿತ್ತು. ಕೋರ್ಟನ್ನು ಸರಿಸೋಣ ಎಂದರೆ ಸರಿಸಲು ಇರುವುದೇ ಒಂದು ಗೇಣು. ಅದಕ್ಕೆ ನಮ್ಮೂರಿನ ಹಲಸಿನ ನಿಯಮವನ್ನೇ ಜಾರಿಗೆ ತಂದೆ.

ಕಡ್ಡಿ ನೆಟ್ಟು ದಾರ ಕಟ್ಟುವವರೆಗೆ ಎಲ್ಲರೂ ನಗುನಗುತ್ತಲೇ ಇದ್ದರು. ಎದುರು ಮನೆಯ ನಿವೃತ್ತ ಎಂಜಿನಿಯರರು 12.73ನ್ನು ನಾನು ಬಾಯಲ್ಲೇ ಹೇಳಿದ್ದನ್ನು ನಂಬದೆ ಫೋನಿನಲ್ಲಿ ವರ್ಗಮೂಲ ತೆಗೆದು, ‘12.728’ ಎಂದು ತಿದ್ದಿದರು. ಎರಡು ಮಿಲಿಮೀಟರ್ ನನ್ನ ಕಡೆಯಿಂದ ಬಿಟ್ಟುಕೊಟ್ಟೆ. ಬಿಳಿ ಗೆರೆ ಬಿದ್ದದ್ದೇ ತಡ, ಅಷ್ಟು ದಿನ ಯಾರ ಕಣ್ಣಿಗೂ ಬೀಳದಿದ್ದ ಖಾಲಿ ಜಾಗ ಎಲ್ಲರ ಕಣ್ಣಿಗೂ ಬಿತ್ತು. ಮೂರು ಮೀಟರ್ ಎಂದರೆ ಒಂದು ಕಾರು ನಿಲ್ಲಿಸಿ ಬಾಗಿಲು ತೆಗೆಯುವಷ್ಟು ಅಗಲ. ‘ಕೋರ್ಟಿನ ಹೊರಗೆ ತಾನೇ ಸಾರ್, ನಿಮ್ಮ ಗೆರೆ ತುಳಿಯಲ್ಲ’ ಎಂದು ಒಬ್ಬರು. ಅವರ ಕಾರಿನ ಹಿಂದೆಯೇ ಇನ್ನೊಬ್ಬರ ಕಾರು. ಇಸ್ತ್ರಿಯವನು ತಳ್ಳುಗಾಡಿ ತಂದು ನೆರಳಿಗೆ ಹೊಂಗೆಯ ಕೆಳಗೆ ನಿಲ್ಲಿಸಿದ. ಯಾರೋ ಒಡೆದ ಕಮೋಡ್ ತಂದಿಟ್ಟರು, ಯಾರು ಎಂದು ಇವತ್ತಿಗೂ ಪತ್ತೆಯಾಗಿಲ್ಲ. ಗೆರೆಯ ಒಳಗೆ ಒಬ್ಬರೂ ಕಾಲಿಡಲಿಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು.

ಆಟ ಶುರುವಾದ ಮೇಲೆ ನಿಜ ಗೊತ್ತಾಯಿತು. ಕೈಗೆ ತಾಗಿ ಹೊರಗೆ ಸಿಡಿದ ಚೆಂಡು ಇನ್ನೂ ಸತ್ತಿರುವುದಿಲ್ಲ. ಅದು ನೆಲಕ್ಕೆ ಬೀಳುವುದರೊಳಗೆ ಹೋಗಿ ಎತ್ತಿ ತಂದರೆ ಆಟ ಮುಂದುವರಿಯುತ್ತದೆ, ವಾಲಿಬಾಲಿನ ಸೊಗಸೆಲ್ಲ ಇರುವುದು ಆ ಓಟದಲ್ಲಿ. ಕಾರುಗಳು ಬಂದ ಮೇಲೆ ನಮ್ಮವರು ಓಡುವುದನ್ನು ಬಿಟ್ಟರು. ಚೆಂಡು ಗೆರೆ ದಾಟುತ್ತಿದ್ದಂತೆ ಆರೂ ಜನ ನಿಂತಲ್ಲೇ ‘ಹೋಯ್ತು ಹೋಯ್ತು’ ಎಂದು ಅದರ ಶ್ರಾದ್ಧ ಮಾಡಿಬಿಡುತ್ತಿದ್ದರು. ಸರ್ವನ್ನು ಬಾನೆಟ್ಟಿಗೆ ಒರಗಿಕೊಂಡು ಮಾಡುತ್ತಿದ್ದರು. ಒಂದು ಸಂಜೆ ಬ್ಯಾಂಕಿನವರೊಬ್ಬರು ಹಳೆಯ ಅಭ್ಯಾಸದಿಂದ ಮೈಮರೆತು ಓಡಿದರು. ಚೆಂಡು ಸಿಕ್ಕಿತು, ಕಾರಿನ ಕನ್ನಡಿಯೂ ಸಿಕ್ಕಿತು. ಕನ್ನಡಿಯ ಬೆಲೆ ತಿಳಿದ ಮೇಲೆ ಸಂಘದ ಸಭೆ ಸೇರಿ, ನಾನು ಕೇಳಿದ ಬೂದಿಗೆರೆಗೆ ಅವಿರೋಧ ಒಪ್ಪಿಗೆ ಸಿಕ್ಕಿತು. ಗ್ಯಾಸ್ ಒಲೆಗಳ ಬಡಾವಣೆಯಲ್ಲಿ ಬೂದಿ ಎಲ್ಲಿಂದ ತರುವುದು? ಕೆಂಪು ರಂಗೋಲಿ ಪುಡಿಯಲ್ಲಿ 24ಕ್ಕೆ 15ರ ಚೌಕ ಎಳೆದೆವು. ಕಾರುಗಳು ಗೊಣಗುತ್ತ ಹೊರಗೆ ಹೋದವು.

ಎರಡು ವರ್ಷಕ್ಕೆ ಅಮೆರಿಕದ ಮಗ ಬಂದ. ಒಂದು ಬೆಳಿಗ್ಗೆ ಗಾರೆ ಮೇಸ್ತ್ರಿ ಬಂದು ಮನೆಯ ಮಾರ್ಕಿಂಗ್ ಶುರುಮಾಡಿದ. ನಾನೂ ಎಂಜಿನಿಯರರೂ ಕಾಫಿ ಲೋಟ ಹಿಡಿದುಕೊಂಡೇ ನೋಡಲು ಹೋದೆವು. ಅದೇ ಕಡ್ಡಿ, ಅದೇ ನೂಲುದಾರ. ಮೂಲೆ ಹಿಡಿಯಲು ದಾರದಲ್ಲಿ ಮೂರು ಅಡಿ, ನಾಲ್ಕು ಅಡಿ ಗುರುತು ಮಾಡಿ ಅಡ್ಡಕ್ಕೆ ಐದು ಬರುತ್ತದೆಯೇ ಎಂದು ನೋಡಿದ. ಆಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆದ. ಸರಿಯಾಗಿತ್ತು. ಎಂಜಿನಿಯರರು ಸಂತೋಷದಿಂದ ಅವನ ಬೆನ್ನು ತಟ್ಟಿದರು. ಆಮೇಲೆ ಅವನು ಸುಣ್ಣದ ಪುಡಿ ಉದುರಿಸತೊಡಗಿದಾಗ ನಾನು ಬಾಯಿ ತೆರೆದೆ, ಅಡಿಪಾಯಕ್ಕೆ ಯಾರೂ ಮುಖ ಕೊಟ್ಟು ಹಾರುವುದಿಲ್ಲ ಎಂದು ನೆನಪಾಗಿ ಮುಚ್ಚಿಕೊಂಡೆ. ಮನೆಗೂ ಒಂದು ಫ್ರೀ ಝೋನಿದೆ, ಸೆಟ್‌ಬ್ಯಾಕ್ ಎನ್ನುತ್ತಾರೆ. ಸುತ್ತಲೂ ಇಷ್ಟಿಷ್ಟು ಜಾಗ ಬಿಟ್ಟು ಕಟ್ಟಬೇಕೆಂದು ಕಾನೂನು. ಯಜಮಾನರು ಮೇಸ್ತ್ರಿಯ ಕಿವಿಯಲ್ಲಿ ಏನೋ ಹೇಳಿದರು. ಮೇಸ್ತ್ರಿ ಪಶ್ಚಿಮದ ಕಡ್ಡಿಗಳನ್ನು ಕಿತ್ತು ಎರಡು ಅಡಿ ಹೊರಗೆ ನೆಟ್ಟ. ‘ಕರ್ಣ ಮತ್ತೆ ನೋಡಬೇಕಾಗುತ್ತಪ್ಪ’ ಎಂದರು ಎಂಜಿನಿಯರರು. ಅವರಿಗೆ ಬೇರೆ ಯಾವ ಆಕ್ಷೇಪವೂ ಇದ್ದಂತೆ ಕಾಣಲಿಲ್ಲ.

ಈಗ ನಮಗೆ ಸಿಕ್ಕಿರುವುದು ಮುಂದಿನ ಅಡ್ಡರಸ್ತೆಯ ಒಂದು ನಲವತ್ತು ಅರವತ್ತು. ವಾಲಿಬಾಲಿಗಾಗದು. ಆದರೆ ಶಟಲ್ ಬ್ಯಾಡ್ಮಿಂಟನ್ ಕೋರ್ಟು 13.40ಕ್ಕೆ 6.10. ಮಧ್ಯಕ್ಕೆ ಹಾಕಿದರೆ ಉದ್ದಕ್ಕೆ ಹಿಂದೆ ಮುಂದೆ 2.44 ಮೀಟರ್, ಬದಿಗಳಲ್ಲಿ ಮೂರು ಮೀಟರಿಗಿಂತ ನಾಲ್ಕು ಸೆಂಟಿಮೀಟರ್ ಹೆಚ್ಚು ಉಳಿಯುತ್ತದೆ. ಬಯಲಿನಲ್ಲಿ ಗಾಳಿ ಶಟಲನ್ನು ಹೊತ್ತೊಯ್ಯುತ್ತದೆ, ನಿಜ. ಮೂರೂ ಕಡೆ ಮೂರು ಮೂರು ಅಂತಸ್ತಿನ ಮನೆಗಳಿರುವುದರಿಂದ ಅಲ್ಲಿಗೆ ಗಾಳಿ ಬರುವುದೇ ಇಲ್ಲ. ಜನ ಸೆಟ್‌ಬ್ಯಾಕ್ ನುಂಗಿದ್ದರಿಂದ ಆಟಗಾರರಿಗೆ ಆದ ಲಾಭ ಇದೊಂದೇ.

ನಿನ್ನೆ ರಾತ್ರಿ ಎಂಜಿನಿಯರರು ಫೋನ್ ಮಾಡಿದ್ದರು.

‘ಡಬಲ್ಸ್ ಕರ್ಣ 14.72 ಬರ್ತಾ ಇದೆ, ಸರಿಯೇನ್ರೀ?’

‘ಸರಿ ಸಾರ್. ಆದ್ರೆ ಬ್ಯಾಡ್ಮಿಂಟನ್ ಗೆರೆ ನಾಲ್ಕೇ ಸೆಂಟಿಮೀಟರ್. ನಮ್ಮ ರೀಪಿನ ಸಂದು ಐದಿದೆ.’

‘ಹಾಗಾದ್ರೆ ಮೊಳೆ ಕಿತ್ತು ಮತ್ತೆ ಹೊಡೀಬೇಕು. ನಾಳೆ ಬೆಳಿಗ್ಗೆ ಆರಕ್ಕೆ ಸುತ್ತಿಗೆ ತರ್ತೀನಿ. ಕೆಂಪು ಪುಡಿ ಎಷ್ಟಿದೆ ನೋಡ್ಕೊಳ್ಳಿ, ಆಗಲೇ ಅಲ್ಲಿ ಯಾರೋ ಒಂದು ಸ್ಕೂಟರ್ ನಿಲ್ಸಿದಾರೆ.’